ΔG° ಧನವಾಗಿದ್ದರೂ ನಳಿಕೆಯಲ್ಲಿ ಕಂದು ಬಣ್ಣ ಏಕೆ? ಸಮತೋಲನದಲ್ಲಿ NO₂ ಎಷ್ಟಿರುತ್ತದೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್‌ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. N₂O₄ ⇌ 2NO₂ ಕ್ರಿಯೆಯ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೇನೆ.

ಪುಸ್ತಕದ ಹಿಂದಿರುವ ಪಟ್ಟಿಯಲ್ಲಿ 25 ಡಿಗ್ರಿ ಸೆಲ್ಸಿಯಸ್‌ಗೆ NO₂ದ ಪ್ರಮಾಣಿತ ಉತ್ಪತ್ತಿ ಮುಕ್ತ ಶಕ್ತಿ 51.31 ಕಿಲೋಜೂಲ್, N₂O₄ದ್ದು 97.89 ಕಿಲೋಜೂಲ್ ಎಂದಿದೆ. ಹಾಗಾದರೆ ΔG° = 2 × 51.31 − 97.89 = +4.73 ಕಿಲೋಜೂಲ್. ಧನ ಬಂದರೆ ಕ್ರಿಯೆ ತಾನಾಗಿ ನಡೆಯುವುದಿಲ್ಲ ಎಂದು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ. ಆದರೆ ಪ್ರಯೋಗಾಲಯದಲ್ಲಿ ತೋರಿಸಿದ ಮುಚ್ಚಿದ ಗಾಜಿನ ನಳಿಕೆ ಕೋಣೆಯ ಉಷ್ಣತೆಯಲ್ಲೇ ಕಂದು ಬಣ್ಣಕ್ಕಿತ್ತು. N₂O₄ಕ್ಕೆ ಬಣ್ಣವಿಲ್ಲ. ಅಂದರೆ NO₂ ಅಲ್ಲಿ ಇದ್ದೇ ಇದೆ. ಎಲ್ಲಿಂದ ಬಂತು?

ಎರಡನೆಯ ಪ್ರಶ್ನೆ. ನನಗೆ K = 0.148 ಬಂದಿದೆ. ನನ್ನ ಗೆಳತಿಗೆ 0.998, ಇನ್ನೊಬ್ಬ ಸಹಪಾಠಿಗೆ 0.385. ಮೂವರೂ ತೆಗೆದುಕೊಂಡಿದ್ದು ಅದೇ ಪಟ್ಟಿಯ ಅದೇ ಅಂಕಿಗಳನ್ನು. ಯಾವುದು ಸರಿ? ಸರಿಯಾದ K ಸಿಕ್ಕ ಮೇಲೂ ‘ನೂರು ಅಣುಗಳಲ್ಲಿ ಇಷ್ಟು NO₂’ ಎಂದು ಹೇಳುವುದು ಹೇಗೆ?

ಕೋಚಿಂಗ್ ಅಣ್ಣ

ಇದರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ΔG° = −RT ln K. ΔG° ಧನವಾಗಿದ್ದರೆ K ಒಂದಕ್ಕಿಂತ ಕಡಿಮೆ, ಋಣವಾಗಿದ್ದರೆ ಒಂದಕ್ಕಿಂತ ಹೆಚ್ಚು, ಸೊನ್ನೆಯಾದರೆ ಸರಿಯಾಗಿ ಒಂದು. ನಿಮ್ಮದು ಧನ. ಆದ್ದರಿಂದ ಮುನ್ನಡೆಯ ಕ್ರಿಯೆ ನಡೆಯುವುದಿಲ್ಲ, NO₂ ನಗಣ್ಯ. ನಳಿಕೆಯಲ್ಲಿ ಕಂಡದ್ದು ತಯಾರಿಸುವಾಗ ಉಳಿದುಹೋದ NO₂ ಇರಬೇಕು. ಪರೀಕ್ಷೆಯಲ್ಲಿ ‘ಸ್ವಯಂಪ್ರೇರಿತವಲ್ಲ’ ಎಂದು ಬರೆಯಿರಿ, ಅಂಕ ಸಿಗುತ್ತದೆ.

ಅಮೋನಿಯಾ ಶಿಫ್ಟ್

ನಮ್ಮದು ಇದಕ್ಕೆ ಪೂರ್ತಿ ತಿರುವುಮುರುವು. ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯಾ ಆಗುವ ಕ್ರಿಯೆಗೆ 25 ಡಿಗ್ರಿಯಲ್ಲಿ ΔG° ಸುಮಾರು −33 ಕಿಲೋಜೂಲ್. K ಲಕ್ಷಗಟ್ಟಲೆ. ಆದರೆ ಎರಡೂ ಅನಿಲಗಳನ್ನು ಕೋಣೆಯ ಉಷ್ಣತೆಯಲ್ಲಿ ಬೆರೆಸಿಟ್ಟು ವರ್ಷಗಟ್ಟಲೆ ಕಾದರೂ ಅಮೋನಿಯಾದ ವಾಸನೆ ಬರುವುದಿಲ್ಲ. ಕಬ್ಬಿಣದ ವೇಗವರ್ಧಕ ಬೇಕು, 400 ಡಿಗ್ರಿಗೂ ಮೇಲಿನ ಬಿಸಿ ಬೇಕು, ನೂರಾರು ವಾತಾವರಣದ ಒತ್ತಡ ಬೇಕು. ಹಾಗಾಗಿ ΔG°ಯನ್ನು ನಂಬಿ ಏನನ್ನೂ ಹೇಳಲಾಗದು ಎಂಬುದು ನನ್ನ ಅನುಭವ. ನಿಮ್ಮ ನಳಿಕೆಯಲ್ಲೂ ವೇಗವರ್ಧಕ ಯಾವುದಾದರೂ ಇತ್ತೇ?

ಧಾರವಾಡದ ಮೇಷ್ಟ್ರು

ಅಮೋನಿಯಾದವರು ಹೇಳುತ್ತಿರುವುದು ವೇಗದ ಮಾತು. ಕೇಳಿರುವ ಪ್ರಶ್ನೆ ಕ್ರಿಯೆ ಎಲ್ಲಿ ನಿಲ್ಲುತ್ತದೆ ಎಂಬುದು. N₂O₄ ಒಡೆಯುವುದಕ್ಕೆ ವೇಗವರ್ಧಕ ಬೇಕಿಲ್ಲ. ನೀವು ನಳಿಕೆಯನ್ನು ಕೈಗೆತ್ತಿಕೊಳ್ಳುವ ಮೊದಲೇ ಅದು ಸಮತೋಲನಕ್ಕೆ ಬಂದಿರುತ್ತದೆ. ಉಷ್ಣತೆ ಬದಲಾದರೆ ಕಣ್ಣೆದುರೇ ಬಣ್ಣ ಬದಲಾಗುತ್ತದೆ. ಉಳಿದುಹೋದ NO₂ ಎಂಬ ವಾದಕ್ಕೂ ಅಲ್ಲೇ ಉತ್ತರವಿದೆ. ಮಂಜುಗಡ್ಡೆಯಲ್ಲಿಟ್ಟರೆ ಬಣ್ಣ ತಿಳಿಯಾಗಿ, ಹೊರತೆಗೆದಾಗ ಮತ್ತೆ ಗಾಢವಾಗುತ್ತದೆ. ಉಳಿಕೆಯ ಕಸ ಹೀಗೆ ಹೋಗಿ ಬರುವುದಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ΔG° ಏನನ್ನು ಹೋಲಿಸುತ್ತದೆ ಎಂಬುದನ್ನು ಬಿಟ್ಟು ಅದರ ಚಿಹ್ನೆಯನ್ನಷ್ಟೇ ಹಿಡಿದುಕೊಂಡರೆ ಈ ತೊಡಕು ಬಂದೇ ಬರುತ್ತದೆ. +4.73 ಎಂಬುದು 1 ಬಾರ್ ಒತ್ತಡದ ಒಂದು ಮೋಲ್ ಶುದ್ಧ N₂O₄ ಒಂದು ಕಡೆ, 1 ಬಾರ್ ಒತ್ತಡದ ಎರಡು ಮೋಲ್ ಶುದ್ಧ NO₂ ಇನ್ನೊಂದು ಕಡೆ, ಇವೆರಡರ ನಡುವಿನ ವ್ಯತ್ಯಾಸ. ಎರಡೂ ತುದಿಗಳು ಶುದ್ಧ. ನಿಮ್ಮ ನಳಿಕೆಯಲ್ಲಿರುವುದು ಮಿಶ್ರಣ. ಎರಡು ಅನಿಲಗಳು ಬೆರೆತ ಕೂಡಲೇ ಪ್ರತಿಯೊಂದರ ಒತ್ತಡ 1 ಬಾರ್‌ಗಿಂತ ಕೆಳಗಿಳಿಯುತ್ತದೆ, ಅದರೊಂದಿಗೆ ಅದರ ಮುಕ್ತ ಶಕ್ತಿಯೂ RT ln p ಯಷ್ಟು ಇಳಿಯುತ್ತದೆ. ಈ ಇಳಿಕೆ ΔG°ಯಲ್ಲಿ ಸೇರಿಲ್ಲ.

ಮಾತಿನಲ್ಲಿ ಹೇಳಿದರೆ ನಂಬಿಕೆ ಬರದು, ಅಂಕಿಯಲ್ಲೇ ನೋಡಿ. ಒಂದು ಮೋಲ್ ಶುದ್ಧ N₂O₄ ತೆಗೆದುಕೊಂಡು ಒಟ್ಟು ಒತ್ತಡವನ್ನು 1 ಬಾರ್‌ನಲ್ಲೇ ಇರಿಸಿ. ಅದರಲ್ಲಿ α ಎಂಬಷ್ಟು ಭಾಗ ಒಡೆದರೆ N₂O₄ ಉಳಿಯುವುದು 1 − α ಮೋಲ್, NO₂ ಆಗುವುದು 2α ಮೋಲ್, ಒಟ್ಟು 1 + α. ಆರಂಭದ ಶುದ್ಧ N₂O₄ವನ್ನು ಸೊನ್ನೆ ಎಂದು ಇಟ್ಟುಕೊಂಡು ಇಡೀ ಮಿಶ್ರಣದ ಮುಕ್ತ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಲೆಕ್ಕ ಹಾಕಿದ್ದೇನೆ:

α = 0.10 ಆದಾಗ −0.82
α = 0.19 ಆದಾಗ −0.95
α = 0.30 ಆದಾಗ −0.81
α = 0.50 ಆದಾಗ ಹೆಚ್ಚೂಕಡಿಮೆ 0
α = 1 ಆದಾಗ +4.73

ಕೊನೆಯ ಸಾಲಿನಲ್ಲಿರುವುದೇ ನಿಮ್ಮ ΔG°. ಅಲ್ಲಿಗೆ ತಲುಪಬೇಕಾದರೆ ಏರಬೇಕು, ನಿಜ. ಆದರೆ ಹೊರಟ ಜಾಗದಿಂದ ಮೊದಲ ಹೆಜ್ಜೆ ಇಳಿಜಾರು. ಇಳಿಯುತ್ತಾ ಹೋಗಿ 0.19ರ ಹತ್ತಿರ ತಳ ಮುಟ್ಟುತ್ತದೆ, ಅಲ್ಲಿಂದ ಮುಂದೆ ಏರು. ಕ್ರಿಯೆ ನಿಲ್ಲುವುದು ಆ ತಳದಲ್ಲಿ. ΔG° ಇನ್ನೂ ದೊಡ್ಡ ಧನಸಂಖ್ಯೆಯಾಗಿದ್ದರೆ ತಳ ಎಡಕ್ಕೆ, ಅಂದರೆ ಸೊನ್ನೆಯ ಕಡೆಗೆ ಸರಿಯುತ್ತಿತ್ತು. ಆದರೆ ಪೂರ್ತಿ ಸೊನ್ನೆಗೆ ಎಂದೂ ಸೇರುವುದಿಲ್ಲ.

ತುಂಗಾತೀರ

ಧನ್ಯವಾದ ಸರ್. 0.5ರಲ್ಲಿ ಹೊರಟ ಮಟ್ಟಕ್ಕೇ ಮರಳುತ್ತದೆ ಎಂಬುದು ಆಶ್ಚರ್ಯ. ಆದರೆ ಮೊದಲ ಹೆಜ್ಜೆ ಯಾವಾಗಲೂ ಇಳಿಜಾರೇ ಆಗಿರುತ್ತದೆ ಎಂದು ಹೇಗೆ ಹೇಳುತ್ತೀರಿ? ΔG° +4.73ರ ಬದಲು +50 ಇದ್ದರೂ?

ಧಾರವಾಡದ ಮೇಷ್ಟ್ರು

+50 ಇದ್ದರೂ ಹಾಗೆಯೇ. ಯಾವುದೇ ಘಳಿಗೆಯಲ್ಲಿ ಕ್ರಿಯೆ ಯಾವ ಕಡೆಗೆ ಸಾಗುತ್ತದೆ ಎಂದು ಹೇಳುವುದು ಮೇಲೆ ಸೊನ್ನೆಯಿಲ್ಲದ ΔG:

ΔG = ΔG° + RT ln Q

ಇಲ್ಲಿ Q = (p_NO₂)² / p_N₂O₄, ಒತ್ತಡಗಳು ಬಾರ್‌ನಲ್ಲಿ. NO₂ ಒಂದು ಚೂರೂ ಇಲ್ಲದಾಗ Q ಸೊನ್ನೆ. ಸೊನ್ನೆಯತ್ತ ಸಾಗುವ ಸಂಖ್ಯೆಯ ಲಾಗರಿದಮ್ ಋಣದ ಕಡೆಗೆ ಮಿತಿಯಿಲ್ಲದೆ ಇಳಿಯುತ್ತದೆ. ಎಷ್ಟೇ ದೊಡ್ಡ ಧನ ΔG° ಇದ್ದರೂ ಅದು ಮುಳುಗಿಹೋಗುತ್ತದೆ.

α = 0.05 ಆದಾಗ ನೋಡಿ. NO₂ದ ಒತ್ತಡ 0.095 ಬಾರ್, N₂O₄ದ್ದು 0.905. Q = 0.010. 25 ಡಿಗ್ರಿಯಲ್ಲಿ RT ಎಂದರೆ 2.479 ಕಿಲೋಜೂಲ್, ಹಾಗಾಗಿ RT ln Q = −11.4. ΔG = 4.73 − 11.4 = −6.7. ಮುಂದಕ್ಕೆ ಸಾಗುತ್ತದೆ. α = 0.30 ಆದಾಗ Q = 0.396, RT ln Q = −2.3, ΔG = +2.4. ಹಿಂದಕ್ಕೆ ಬರುತ್ತದೆ. ಇವೆರಡರ ನಡುವೆ ಎಲ್ಲೋ ΔG ಸೊನ್ನೆಯಾಗಲೇಬೇಕು. ಆ ಬಿಂದುವಿನಲ್ಲಿ Qಗೆ ಇರುವ ಬೆಲೆಯನ್ನೇ K ಎನ್ನುತ್ತೇವೆ. ΔGಯ ಜಾಗದಲ್ಲಿ ಸೊನ್ನೆ ಇಟ್ಟರೆ ΔG° = −RT ln K ತಾನಾಗಿ ಉದುರುತ್ತದೆ. ಇದನ್ನು ಬೇರೆ ಸೂತ್ರವೆಂದು ಬಾಯಿಪಾಠ ಮಾಡಬೇಕಾಗಿಲ್ಲ.

ಕೋಚಿಂಗ್ ಅಣ್ಣನವರು K ಒಂದಕ್ಕಿಂತ ಕಡಿಮೆ ಎಂದದ್ದು ಸರಿ. ಅಲ್ಲಿಂದ ‘ನಗಣ್ಯ’ಕ್ಕೆ ಹಾರಿದ್ದು ಸರಿಯಲ್ಲ. 0.148 ನಗಣ್ಯವಲ್ಲ.

ಕೋಚಿಂಗ್ ಅಣ್ಣ

ಬಹು ಆಯ್ಕೆಯ ಪ್ರಶ್ನೆಗೆ ಇಷ್ಟೆಲ್ಲ ಯಾರೂ ಬರೆಯುವುದಿಲ್ಲ ಮೇಷ್ಟ್ರೇ. ಪ್ರಮಾಣಿತ ಸ್ಥಿತಿಯಲ್ಲಿ ಸ್ವಯಂಪ್ರೇರಿತವಲ್ಲ ಎಂಬುದು ಈಗಲೂ ನಿಜ ತಾನೇ?

ಧಾರವಾಡದ ಮೇಷ್ಟ್ರು

ನಿಜ. ಎರಡೂ ಅನಿಲಗಳು ತಲಾ 1 ಬಾರ್ ಒತ್ತಡದಲ್ಲಿರುವ ಮಿಶ್ರಣವನ್ನು ಕೊಟ್ಟರೆ ಅದು N₂O₄ದ ಕಡೆಗೆ ಸರಿಯುತ್ತದೆ. ‘ಪ್ರಮಾಣಿತ ಸ್ಥಿತಿಯಲ್ಲಿ’ ಎಂಬ ಆ ಎರಡು ಪದಗಳು ಮಕ್ಕಳ ಟಿಪ್ಪಣಿಯಿಂದ ಬಿಟ್ಟುಹೋಗಿರುವುದೇ ಇಷ್ಟು ಚರ್ಚೆಗೆ ಕಾರಣ.

ಲ್ಯಾಬ್ ಮೇಡಂ

ಮೂರು K ಬೆಲೆಗಳ ಬಗ್ಗೆ ನಾನು ಹೇಳುತ್ತೇನೆ. ಪ್ರತಿವರ್ಷ ದಾಖಲೆ ಪುಸ್ತಕ ತಿದ್ದುವಾಗ ಇವೇ ಎದುರಾಗುತ್ತವೆ.

0.998 ಬಂದವರು 4.73ನ್ನು ಕಿಲೋಜೂಲ್‌ನಲ್ಲೇ ಬಿಟ್ಟು, R ಅನ್ನು ಮಾತ್ರ 8.314 ಜೂಲ್‌ನಲ್ಲಿ ಹಾಕಿದ್ದಾರೆ. ಘಾತ −1.908 ಬರಬೇಕಾದಲ್ಲಿ −0.0019 ಬಂದಿದೆ. ಈ ತಪ್ಪಿಗೆ ಒಂದು ಗುರುತಿದೆ: ಯಾವ ಕ್ರಿಯೆ ಕೊಟ್ಟರೂ K ಒಂದರ ಅಕ್ಕಪಕ್ಕವೇ ಬರುತ್ತದೆ. ಅಮೋನಿಯಾದವರ −33ನ್ನು ಹಾಗೆ ಹಾಕಿ ನೋಡಿ, 1.01 ಬರುತ್ತದೆ, ಲಕ್ಷ ಎಲ್ಲಿ ಹೋಯಿತು? 25 ಡಿಗ್ರಿಯಲ್ಲಿ ΔG° 5.7 ಕಿಲೋಜೂಲ್ ಬದಲಾದರೆ K ಹತ್ತು ಪಟ್ಟು ಬದಲಾಗಬೇಕು. ಇದೊಂದು ನೆನಪಿದ್ದರೆ ಕ್ಯಾಲ್ಕುಲೇಟರ್ ಒತ್ತುವ ಮೊದಲೇ ಅಂದಾಜು ಸಿಗುತ್ತದೆ. 4.73 ಎಂದರೆ 5.7ಕ್ಕಿಂತ ಸ್ವಲ್ಪ ಕಡಿಮೆ, ಹಾಗಾಗಿ K 0.1ಕ್ಕಿಂತ ಸ್ವಲ್ಪ ಹೆಚ್ಚು.

0.385 ಬಂದವರದು ತಪ್ಪೇ ಅಲ್ಲ. ಅವರು ಕ್ರಿಯೆಯನ್ನು ½N₂O₄ ⇌ NO₂ ಎಂದು ಬರೆದುಕೊಂಡಿರಬೇಕು. ಆಗ ΔG° ಅರ್ಧವಾಗುತ್ತದೆ, K ವರ್ಗಮೂಲವಾಗುತ್ತದೆ. 0.148ರ ವರ್ಗಮೂಲ 0.385. ಕೊನೆಯಲ್ಲಿ ಸಿಗುವ ಮಿಶ್ರಣ ಇಬ್ಬರಿಗೂ ಒಂದೇ. ಆದರೆ ಒಬ್ಬರ Kಯನ್ನು ಇನ್ನೊಬ್ಬರ ಸಮೀಕರಣಕ್ಕೆ ಹಾಕಿದರೆ ಕೆಡುತ್ತದೆ. K ಬರೆಯುವಾಗ ಪಕ್ಕದಲ್ಲಿ ಕ್ರಿಯೆಯನ್ನೂ ಬರೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ತುಂಗಾತೀರ

ಮೇಡಂ, ಹೌದು, ಅವನು ಹಾಗೆಯೇ ಬರೆದುಕೊಂಡಿದ್ದಾನೆ. ಈಗ ಸಂಯೋಜನೆಯ ಲೆಕ್ಕವನ್ನು ನಾನೇ ಮಾಡಿದೆ, ಸರಿಯಿದೆಯೇ ನೋಡಿ.

ಒಟ್ಟು ಒತ್ತಡ P ಬಾರ್. NO₂ದ ಪಾಲು 2α/(1+α), N₂O₄ದ ಪಾಲು (1−α)/(1+α). ಪ್ರತಿಯೊಂದನ್ನೂ Pಯಿಂದ ಗುಣಿಸಿ Kಯಲ್ಲಿ ಹಾಕಿದರೆ

K = 4α²P / (1 − α²)

α = √( K / (K + 4P) )

P = 1 ಹಾಕಿದಾಗ α = √(0.148/4.148) = 0.189. ಮೇಷ್ಟ್ರ ಪಟ್ಟಿಯ ತಳವೂ 0.19. ಎರಡು ದಾರಿಯಲ್ಲಿ ಹೋದರೂ ಒಂದೇ ಜಾಗ! NO₂ದ ಪಾಲು 0.378/1.189 = 0.318. ಅಂದರೆ ನೂರು ಅಣುಗಳಲ್ಲಿ 32 NO₂. ‘ನಡೆಯುವುದೇ ಇಲ್ಲ’ ಎಂದ ಕ್ರಿಯೆಯಿಂದ ಮೂರನೇ ಒಂದು ಭಾಗ.

ಕೋಡುಗಾರ

ಲೆಕ್ಕ ಸರಿಯಾಗಿದೆ. ಬೇರೆ ಬೇರೆ ಒತ್ತಡಕ್ಕೆ ಏನಾಗುತ್ತದೆ ಎಂದು ನೋಡಲು ನಾಲ್ಕು ಸಾಲು ಬರೆದೆ.

```python
from math import exp, sqrt
R, T, dG = 8.314, 298.15, 4730.0
K = exp(-dG/(R*T))
for P in (0.1, 1, 10):
    a = sqrt(K/(K + 4*P))
    print(P, round(a, 3), round(2*a/(1+a), 3))
```

ಬಂದ ಫಲಿತಾಂಶ:

```
0.1 0.52 0.684
1 0.189 0.318
10 0.061 0.115
```

ಒತ್ತಡ ಹತ್ತರಲ್ಲಿ ಒಂದಾದರೆ ಅರ್ಧಕ್ಕಿಂತ ಹೆಚ್ಚು N₂O₄ ಒಡೆಯುತ್ತದೆ, ಹತ್ತು ಪಟ್ಟಾದರೆ ಆರು ಪ್ರತಿಶತ ಮಾತ್ರ. ಮೂರು ಸಾಲಿಗೂ K ಒಂದೇ, ΔG° ಒಂದೇ. ಅಂದರೆ K ಗೊತ್ತಾದ ಮಾತ್ರಕ್ಕೆ ಸಂಯೋಜನೆ ಗೊತ್ತಾಗಲಿಲ್ಲ, ಒತ್ತಡವನ್ನೂ ಹೇಳಬೇಕು.

ಧಾರವಾಡದ ಮೇಷ್ಟ್ರು

ಮೊದಲ ಎರಡು ಸಾಲು ಒಪ್ಪಿದೆ. ಮೂರನೆಯ ಸಾಲು ಕಾಗದದ ಮೇಲೆ ಮಾತ್ರ ಇದೆ. 25 ಡಿಗ್ರಿಯಲ್ಲಿ, 10 ಬಾರ್‌ನಲ್ಲಿ ಈ ಅನಿಲ ಅನಿಲವಾಗಿ ಉಳಿಯುವುದಿಲ್ಲ. N₂O₄ ಸಾಮಾನ್ಯ ಒತ್ತಡದಲ್ಲಿ ಕುದಿಯುವುದೇ 21 ಡಿಗ್ರಿಯಲ್ಲಿ. 25 ಡಿಗ್ರಿಯಲ್ಲಿ ಒತ್ತಡ 1 ಬಾರ್ ದಾಟಿ ಸ್ವಲ್ಪ ಮೇಲೇರಿದರೆ ದ್ರವವಾಗಿ ಇಳಿಯಲು ತೊಡಗುತ್ತದೆ. ನಿಮ್ಮ ಸೂತ್ರಕ್ಕೆ ಅದು ತಿಳಿಯದು, ಎರಡೂ ಅನಿಲ ಎಂದು ನಾವು ಹೇಳಿಕೊಟ್ಟಿದ್ದನ್ನೇ ನಂಬಿ ಉತ್ತರ ಕೊಡುತ್ತದೆ. ಲೆಕ್ಕದಲ್ಲಿ ಬಂದ ಒತ್ತಡವನ್ನು ಆ ಉಷ್ಣತೆಯ ಆವಿಯ ಒತ್ತಡದೊಂದಿಗೆ ಹೋಲಿಸಿ ನೋಡುವ ಅಭ್ಯಾಸವಿರಬೇಕು.

ದ್ರವದಲ್ಲಿ ಕಥೆಯೇ ಬೇರೆ. ಪಿಎಸ್‌ಎಲ್‌ವಿಯ ಎರಡನೇ ಹಂತದ ವಿಕಾಸ್ ಎಂಜಿನ್‌ಗೆ ಆಕ್ಸಿಡಕಾರಕವಾಗಿ ಬಳಸುವುದು ಇದೇ N₂O₄ವನ್ನು. ಟ್ಯಾಂಕಿನಲ್ಲಿರುವ ದ್ರವದಲ್ಲಿ ಬಹುಪಾಲು N₂O₄ವೇ, NO₂ ತೀರಾ ಕಡಿಮೆ. ಸೋರಿ ಆವಿಯಾಗಿ ಹರಡಿದಾಗ ಕೆಂಗಂದು ಹೊಗೆ ಕಾಣುವುದು, ಒತ್ತಡ ಕುಸಿದು ಕೋಡುಗಾರರ ಮೊದಲ ಸಾಲಿನ ಪರಿಸ್ಥಿತಿ ಬಂದಾಗ.

ಅಮೋನಿಯಾ ಶಿಫ್ಟ್

ಹಾಗಾದರೆ ನಮ್ಮ ಕ್ರಿಯೆಗೂ ಇದೇ ರೀತಿ ಲೆಕ್ಕ ಹಾಕಬಹುದಲ್ಲವೇ? K ಲಕ್ಷಗಟ್ಟಲೆ ಇರುವಾಗ ರಿಯಾಕ್ಟರ್‌ನಿಂದ ಪೂರ್ತಿ ಅಮೋನಿಯಾ ಹೊರಬರಬೇಕು. ವಾಸ್ತವದಲ್ಲಿ ಒಂದು ಸುತ್ತಿನಲ್ಲಿ ಅದರ ಸಣ್ಣ ಪಾಲು ಮಾತ್ರ ಬರುತ್ತದೆ, ಉಳಿದ ಅನಿಲವನ್ನು ಮತ್ತೆ ಮತ್ತೆ ಸುತ್ತಿಸುತ್ತೇವೆ. ಇದು ವೇಗವರ್ಧಕದ ದೋಷವೆಂದೇ ನಾವು ಅಂದುಕೊಂಡಿದ್ದೇವೆ.

ಧಾರವಾಡದ ಮೇಷ್ಟ್ರು

ನೀವು ಹೇಳುವ ಲಕ್ಷ 25 ಡಿಗ್ರಿಯದ್ದು. ರಿಯಾಕ್ಟರ್ 450 ಡಿಗ್ರಿಯಲ್ಲಿದೆ. ಆ ಕ್ರಿಯೆಯಲ್ಲಿ ಅನಿಲದ ನಾಲ್ಕು ಮೋಲ್ ಎರಡಾಗುತ್ತವೆ, ಎಂಟ್ರೊಪಿ ಇಳಿಯುತ್ತದೆ. ಹಾಗಾಗಿ ಬಿಸಿ ಏರಿದಂತೆ ΔG° ಧನದ ಕಡೆಗೆ ಸರಿಯುತ್ತದೆ. 200 ಡಿಗ್ರಿಯ ಆಸುಪಾಸಿನಲ್ಲೇ ಚಿಹ್ನೆ ಬದಲಾಗಿರುತ್ತದೆ. 450ರ ಹೊತ್ತಿಗೆ K ಹತ್ತು ಸಾವಿರದಲ್ಲಿ ಒಂದಕ್ಕಿಂತಲೂ ಕೆಳಗೆ. ಅದಕ್ಕೇ ಅಷ್ಟು ಒತ್ತಡ ಹಾಕಬೇಕಾಗಿರುವುದು. ಸಣ್ಣ ಪಾಲು ಬರುವುದರಲ್ಲಿ ಹೆಚ್ಚಿನ ಹೊಣೆ ಸಮತೋಲನದ್ದು, ವೇಗವರ್ಧಕದ್ದಲ್ಲ. ನಿಮ್ಮ ಒತ್ತಡದಲ್ಲಿ ಅನಿಲಗಳು ಆದರ್ಶ ಅನಿಲಗಳಂತೆ ವರ್ತಿಸುವುದಿಲ್ಲವಾದ್ದರಿಂದ ಈ ಸರಳ ಸಮೀಕರಣ ಸಾಲದು. ಬೇಕಾದರೆ ಬೇರೆ ಚರ್ಚೆ ಆರಂಭಿಸಿ.

ತುಂಗಾತೀರ

ನಮ್ಮ ನಳಿಕೆಗೂ ಉಷ್ಣತೆಯ ಲೆಕ್ಕ ಹಾಕಬಹುದೇ ಸರ್? ಕುದಿಯುವ ನೀರಿನಲ್ಲಿ ಇಟ್ಟಾಗ ಅದು ಕಡುಕಂದಾಯಿತು.

ಲ್ಯಾಬ್ ಮೇಡಂ

ಹಾಕಬಹುದು. ΔG° = ΔH° − TΔS°. ಈ ಕ್ರಿಯೆಗೆ ΔH° 57.2 ಕಿಲೋಜೂಲ್, ΔS° ಕೆಲ್ವಿನ್‌ಗೆ 175.8 ಜೂಲ್. ಈ ಎರಡೂ ಉಷ್ಣತೆಯೊಂದಿಗೆ ಹೆಚ್ಚು ಬದಲಾಗುವುದಿಲ್ಲ ಎಂದು ಒಪ್ಪಿಕೊಂಡರೆ 373 ಕೆಲ್ವಿನ್‌ನಲ್ಲಿ ΔG° = 57.2 − 65.6 = −8.4 ಕಿಲೋಜೂಲ್. K ಸುಮಾರು 15. 1 ಬಾರ್‌ನಲ್ಲಿ α = √(15/19) = 0.89. 52 ಡಿಗ್ರಿಯ ಹತ್ತಿರ ΔG° ಸೊನ್ನೆ ದಾಟುತ್ತದೆ. ಅಲ್ಲಿ ಬಣ್ಣದಲ್ಲಿ ಥಟ್ಟನೆ ಏನೋ ಆಗುತ್ತದೆ ಎಂದು ಕಾಯಬೇಡಿ, ಏನೂ ಆಗುವುದಿಲ್ಲ. K 0.9ರಿಂದ 1.1ಕ್ಕೆ ಹೋಗುತ್ತದೆ, ಅಷ್ಟೇ.

ಆದರೆ ಒಂದು ಮಾತು. ಮೇಲಿನ ಎಲ್ಲ ಲೆಕ್ಕವೂ ಒತ್ತಡ ಸ್ಥಿರವಾಗಿದೆ ಎಂದು ಮಾಡಿದ್ದು. ಮುಚ್ಚಿದ ನಳಿಕೆಯಲ್ಲಿ ಸ್ಥಿರವಾಗಿರುವುದು ಗಾತ್ರ. N₂O₄ ಒಡೆದಂತೆ ಅಣುಗಳ ಸಂಖ್ಯೆ ಹೆಚ್ಚಿ ಒತ್ತಡವೂ ಏರುತ್ತದೆ, ಏರಿದ ಒತ್ತಡ ಒಡೆಯುವುದನ್ನು ತಡೆಯುತ್ತದೆ. ನಳಿಕೆಯಲ್ಲಿ ಏನೂ ಒಡೆಯದಿದ್ದರೆ ಎಷ್ಟು ಒತ್ತಡ ಇರುತ್ತಿತ್ತೋ ಅದನ್ನು P₀ ಎನ್ನಿ. ಆಗ

K = 4α²P₀ / (1 − α)

25 ಡಿಗ್ರಿಯಲ್ಲಿ P₀ = 1 ಬಾರ್ ಎಂದರೆ ವರ್ಗ ಸಮೀಕರಣ ಬಿಡಿಸಿ α = 0.175 ಬರುತ್ತದೆ, 0.189 ಅಲ್ಲ. ಪರೀಕ್ಷಿಸಿ ನೋಡಿ: NO₂ 0.349 ಬಾರ್, N₂O₄ 0.825 ಬಾರ್. 0.349ರ ವರ್ಗವನ್ನು 0.825ರಿಂದ ಭಾಗಿಸಿದರೆ 0.148. ಒಟ್ಟು ಒತ್ತಡ 1.175 ಬಾರ್. ಉತ್ತರ ಬಂದ ಮೇಲೆ ಒತ್ತಡಗಳನ್ನು ಹೀಗೆ ಮತ್ತೆ Kಯಲ್ಲಿ ಹಾಕಿ ನೋಡಿದರೆ ಬೀಜಗಣಿತದ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಪಟ್ಟಿಯ ಅಂಕಿಯೇ ತಪ್ಪಿದ್ದರೆ ಮಾತ್ರ ಸಿಕ್ಕಿಬೀಳುವುದಿಲ್ಲ.

ಕೋಡುಗಾರ

ಮೇಡಂ, ಆ ಕೊನೆಯ ವಾಕ್ಯಕ್ಕೇ ಬರುತ್ತಿದ್ದೆ. ನೀವು ಕೊಟ್ಟ ΔH° ಮತ್ತು ΔS° ಹಾಕಿ 298.15ಕ್ಕೆ ΔG° ತೆಗೆದರೆ 4.79 ಬರುತ್ತದೆ, 4.73 ಅಲ್ಲ. ನನ್ನ ಹಳೆಯ ಪಠ್ಯಪುಸ್ತಕದಲ್ಲಿ ಇನ್ನೂ ವಿಚಿತ್ರ: NO₂ 51.84, N₂O₄ 98.28. ಅಂದರೆ ΔG° = 5.40, K = 0.113, 1 ಬಾರ್‌ನಲ್ಲಿ α = 0.166. ಎರಡು ಪುಸ್ತಕ, ಒಂದೇ ಅನಿಲ, Kಯಲ್ಲಿ ಕಾಲು ಭಾಗದ ವ್ಯತ್ಯಾಸ. ಹಳೆಯದರಲ್ಲಿ ಪ್ರಮಾಣಿತ ಒತ್ತಡ 1 ವಾತಾವರಣ, ಹೊಸದರಲ್ಲಿ 1 ಬಾರ್ ಎಂಬುದರಿಂದ ಹೀಗಾಯಿತೇ?

ಧಾರವಾಡದ ಮೇಷ್ಟ್ರು

ಅದರಿಂದಲ್ಲ. 1 ಬಾರ್ ಬಳಸಬೇಕೆಂದು ಐಯುಪಿಎಸಿ ಶಿಫಾರಸು ಮಾಡಿದ್ದು 1982ರಲ್ಲಿ. ಅದರಿಂದ ಈ ಕ್ರಿಯೆಯ K ಬದಲಾಗುವುದು ಶೇಕಡಾ ಒಂದೂಕಾಲಷ್ಟು ಮಾತ್ರ. ನೀವು ತೋರಿಸಿದ್ದು ಅದಕ್ಕಿಂತ ತುಂಬಾ ದೊಡ್ಡದು. ಮೂಲ ಅಳತೆಗಳೇ ಬೇರೆ ಇರಬೇಕು.

ΔG°ಯಲ್ಲಿ 0.67 ಕಿಲೋಜೂಲ್ ವ್ಯತ್ಯಾಸ ನೋಡಲು ಸಣ್ಣದು. 98ರ ಎದುರು ಅದೇನು ಮಹಾ ಎನಿಸುತ್ತದೆ. ಆದರೆ ಇಲ್ಲಿ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸಣ್ಣ ಸಂಖ್ಯೆ ತೆಗೆಯುತ್ತಿದ್ದೇವೆ, ಆಮೇಲೆ ಅದನ್ನು ಘಾತಕ್ಕೆ ಏರಿಸುತ್ತಿದ್ದೇವೆ. 25 ಡಿಗ್ರಿಯಲ್ಲಿ 1 ಕಿಲೋಜೂಲ್ ತಪ್ಪಿದರೆ K ಒಂದೂವರೆ ಪಟ್ಟು ತಪ್ಪುತ್ತದೆ. ಅದಕ್ಕೇ ಇಂತಹ ಲೆಕ್ಕದಲ್ಲಿ K = 0.14835 ಎಂದು ಐದು ಸ್ಥಾನ ಬರೆದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 0.15 ಸಾಕು. ಇನ್ನೊಂದು ಮಾತು: ಒಂದು ಅನಿಲಕ್ಕೆ ಒಂದು ಪುಸ್ತಕ, ಇನ್ನೊಂದಕ್ಕೆ ಇನ್ನೊಂದು ಪುಸ್ತಕ ಎಂದು ಬೆರೆಸಲೇಬೇಡಿ. 2 × 51.84 − 97.89 ಮಾಡಿದರೆ 5.79 ಬರುತ್ತದೆ, ಅದು ಯಾವ ಪುಸ್ತಕದ್ದೂ ಅಲ್ಲ.

ತುಂಗಾತೀರ

ಹಾಗಾದರೆ 0.148 ಸರಿಯೋ 0.113 ಸರಿಯೋ ಎಂದು ನಾವೇ ಅಳೆದು ನೋಡಬಹುದೇ?

ಲ್ಯಾಬ್ ಮೇಡಂ

ತಾತ್ವಿಕವಾಗಿ ಸುಲಭ. ಅನಿಲದ ತೂಕ ನೋಡಿದರಾಯಿತು. N₂O₄ದ ಮೋಲಾರ್ ರಾಶಿ 92. α ಭಾಗ ಒಡೆದಾಗ ಸರಾಸರಿ ರಾಶಿ 92/(1+α) ಆಗುತ್ತದೆ. ಮೊದಲ ಪುಸ್ತಕದ ಪ್ರಕಾರ 77.4, ಎರಡನೆಯದರ ಪ್ರಕಾರ 78.9. ನಿರ್ವಾತ ಮಾಡಿದ 250 ಮಿಲಿಲೀಟರ್ ಗಾಜಿನ ಬುರುಡೆಯನ್ನು 25 ಡಿಗ್ರಿ, 1 ಬಾರ್‌ನಲ್ಲಿ ತುಂಬಿಸಿದರೆ ಅನಿಲದ ತೂಕ 780 ಅಥವಾ 796 ಮಿಲಿಗ್ರಾಂ ಇರಬೇಕು. 15 ಮಿಲಿಗ್ರಾಂ ವ್ಯತ್ಯಾಸವನ್ನು ನಮ್ಮ ಕಾಲೇಜಿನ ತಕ್ಕಡಿಯೂ ಹಿಡಿಯುತ್ತದೆ.

ಕಷ್ಟ ಇರುವುದು ಉಷ್ಣತೆಯಲ್ಲಿ. ಈ ಕ್ರಿಯೆಯ K ಒಂದು ಡಿಗ್ರಿಗೆ ಶೇಕಡಾ ಎಂಟರಷ್ಟು ಬದಲಾಗುತ್ತದೆ. ಮೂರು, ಮೂರೂವರೆ ಡಿಗ್ರಿ ಹೆಚ್ಚುಕಡಿಮೆಯಾದರೆ ಎರಡು ಪುಸ್ತಕಗಳ ಜಗಳವೇ ಅದರಲ್ಲಿ ಅಡಗಿಹೋಗುತ್ತದೆ. ಥರ್ಮೋಸ್ಟಾಟ್ ಇರುವ ನೀರಿನ ತೊಟ್ಟಿಯಲ್ಲೇ ತುಂಬಿಸಿ, ಅಲ್ಲೇ ಕವಾಟ ಮುಚ್ಚಬೇಕು. ಎರಡನೆಯ ಕಾಟ ತೇವಾಂಶ. ಬುರುಡೆಯಲ್ಲಿ ನೀರಿನ ಪಸೆ ಇದ್ದರೆ NO₂ ಅದರೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ, ತೂಕ ಏನೇನೋ ಬರುತ್ತದೆ. ಕವಾಟಕ್ಕೆ ಹಚ್ಚುವ ಸಾಮಾನ್ಯ ಗ್ರೀಸನ್ನೂ ಈ ಅನಿಲ ತಿನ್ನುತ್ತದೆ, ಟೆಫ್ಲಾನ್ ಕವಾಟವೇ ಬೇಕು. ಮತ್ತು ಇದು ಉಸಿರಿಗೆ ವಿಷ. ಶ್ವಾಸಕೋಶಕ್ಕೆ ಆಗುವ ಹಾನಿ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಫ್ಯೂಮ್ ಹುಡ್ ಇಲ್ಲದೆ, ಮೇಲ್ವಿಚಾರಕರಿಲ್ಲದೆ ಕೈ ಹಾಕಬೇಡಿ.

ಕೋಚಿಂಗ್ ಅಣ್ಣ

ಪರೀಕ್ಷೆಯಲ್ಲಿ ಪಟ್ಟಿಯ ಅಂಕಿಯನ್ನು ಪ್ರಶ್ನೆಯಲ್ಲೇ ಕೊಡುತ್ತಾರೆ, ಈ ತಲೆನೋವು ಅಲ್ಲಿಲ್ಲ. ಆದರೆ ಸ್ಥಿರ ಒತ್ತಡವೋ ಸ್ಥಿರ ಗಾತ್ರವೋ ಎಂದು ಪ್ರಶ್ನೆಯಲ್ಲಿ ಹೇಳದಿದ್ದರೆ ಯಾವುದನ್ನು ಹಿಡಿಯಬೇಕು?

ಧಾರವಾಡದ ಮೇಷ್ಟ್ರು

‘ಒಟ್ಟು ಒತ್ತಡ ಇಷ್ಟು’ ಎಂದು ಕೊಟ್ಟಿದ್ದರೆ ಸಮತೋಲನದ ಒತ್ತಡ ಎಂದೇ ಹಿಡಿಯಿರಿ. ‘ಇಷ್ಟು ಮೋಲ್, ಇಷ್ಟು ಲೀಟರ್ ಪಾತ್ರೆ’ ಎಂದಿದ್ದರೆ ಸ್ಥಿರ ಗಾತ್ರ. ಎರಡೂ ಇಲ್ಲದಿದ್ದರೆ ಪ್ರಶ್ನೆಯೇ ಅಪೂರ್ಣ. ಯಾವುದನ್ನು ಹಿಡಿದಿರಿ ಎಂದು ಉತ್ತರದ ಮೊದಲ ಸಾಲಿನಲ್ಲಿ ಬರೆಯಿರಿ.

ಕೋಡುಗಾರ

ಮೇಡಂ, ನೀವು ಬುರುಡೆಯ ಪ್ರಯೋಗ ಮಾಡಿಸಿದರೆ ಅಂಕಿಗಳನ್ನು ಇಲ್ಲಿ ಹಾಕಿ. ಎರಡು ಪುಸ್ತಕಗಳ ನಡುವೆ ಯಾವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ΔH°, ΔS° ದಾರಿಯಿಂದ ಬಂದ 4.79 ಮೊದಲನೆಯದಕ್ಕೆ ಹತ್ತಿರವಿದೆ. ಆದರೆ ಅದೂ ಅದೇ ಪುಸ್ತಕದ ಪಟ್ಟಿಯಿಂದ ಬಂದಿದ್ದರೆ ಅದನ್ನು ಬೇರೆ ಸಾಕ್ಷಿ ಎನ್ನಲಾಗದು.

ಲ್ಯಾಬ್ ಮೇಡಂ

ಅದೇ ಪುಸ್ತಕದ್ದೇ. ಟೆಫ್ಲಾನ್ ಕವಾಟದ ಬುರುಡೆ ನಮ್ಮಲ್ಲಿ ಒಂದೇ ಇದೆ, ಅದನ್ನು ಬೇರೆ ಪ್ರಯೋಗಕ್ಕೆ ಜೋಡಿಸಿಟ್ಟಿದ್ದಾರೆ. ಈ ಸೆಮಿಸ್ಟರ್ ಮುಗಿದ ಮೇಲೆ ಕೇಳಿ ನೋಡುತ್ತೇನೆ. ಮಾಡಿದರೆ ಒಂದೇ ಉಷ್ಣತೆಯಲ್ಲಿ ನಿಲ್ಲಿಸುವುದಿಲ್ಲ, 30, 40, 50 ಡಿಗ್ರಿಗಳಲ್ಲೂ ತೂಗಿಸುತ್ತೇನೆ. ಆಗ ln Kಯನ್ನು 1/Tಗೆ ಎದುರಾಗಿ ಎಳೆದರೆ ΔH° ಕೂಡ ಪಟ್ಟಿಯ ಹಂಗಿಲ್ಲದೆ ಸಿಗುತ್ತದೆ.